ಎರಡು ದಿನದಲ್ಲಿ ಶರ್ಟ್ ಬೇಡ, ತೋಳು ಕೂರಿಸುವುದನ್ನು ಕಲಿಸಿ

ದುಡ್ಡು ಪಡೆದು ಎರಡು ದಿನದ ಹೊಲಿಗೆ ಕಾರ್ಯಾಗಾರ ಮಾಡುವವರು ಇಡೀ ಉಡುಪು ಹೊಲಿಸಲು ಹೋಗಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೊನೆಯ ಗಂಟೆಯಲ್ಲಿ ಕಾಲರ್, ತೋಳು ಎಲ್ಲವನ್ನೂ ಟೈಲರೇ ಹೊಲಿದು ಕೊಡಬೇಕಾಗುತ್ತದೆ. ಕಲಿಯಲು ಬಂದವರು ಶರ್ಟ್ ಒಯ್ಯುತ್ತಾರೆ, ಕೆಲಸ ಒಯ್ಯುವುದಿಲ್ಲ. ಅದರ ಬದಲು ತೋಳು ಕೂರಿಸುವುದೊಂದನ್ನೇ ಮೂರು ಸಲ ಮಾಡಿಸಿ. ಹೆಸರು ಬರೆಸಿಕೊಳ್ಳುವಾಗಲೇ ಇದನ್ನು ಸ್ಪಷ್ಟವಾಗಿ ಹೇಳಿಬಿಡಿ.

ಕತ್ತರಿಸುವ ಕೆಲಸವನ್ನೆಲ್ಲ ಮೊದಲೇ ನೀವೇ ಮುಗಿಸಿಡಿ. ಮಧ್ಯಮ ದಪ್ಪದ ಹತ್ತಿ ಬಟ್ಟೆ ಇರಲಿ. ಪಾಲಿಯೆಸ್ಟರ್ ಇಸ್ತ್ರಿಯ ಹಬೆಗೆ ಬಗ್ಗುವುದಿಲ್ಲ. ಮೈಗೆ ಒಂದು ಬಣ್ಣ, ತೋಳಿಗೆ ಇನ್ನೊಂದು ಬಣ್ಣ ಇದ್ದರೆ ತಪ್ಪು ತಕ್ಷಣ ಕಾಣುತ್ತದೆ.

ತೋಳಿನ ಮೇಲಿನ ಬಾಗು ಕಂಕುಳ ಸುತ್ತಳತೆಗಿಂತ ಉದ್ದವಾಗಿರುತ್ತದೆ ಎಂಬುದೇ ಹೊಸಬರನ್ನು ಗಾಬರಿಗೊಳಿಸುವ ಸಂಗತಿ. ಅಳೆದು ತೋರಿಸಿ: ಕಂಕುಳ ಸುತ್ತು 46 ಸೆಂ.ಮೀ., ತೋಳಿನ ಬಾಗು 49. ಈ 3 ಸೆಂ.ಮೀ. ಹೆಚ್ಚುವರಿ ಬಟ್ಟೆ ಭುಜದ ದುಂಡನೆಯ ಆಕಾರಕ್ಕೆ ಬೇಕು. ಇದನ್ನು ಮುಂದಿನ ಮತ್ತು ಹಿಂದಿನ ಕಚ್ಚುಗುರುತುಗಳ ನಡುವೆ, ಮೇಲ್ಭಾಗದಲ್ಲಿ ಮಾತ್ರ ಅಡಗಿಸಬೇಕು. ಕಂಕುಳ ಕೆಳಗೆ ಎರಡೂ ಬಟ್ಟೆ ಸಮಸಮ ಕೂರಬೇಕು.

ಹೊಲಿಗೆಗೆ 1.5 ಸೆಂ.ಮೀ. ಬಿಟ್ಟಿದ್ದರೆ, ಅಂಚಿನಿಂದ 0.5 ಮತ್ತು 1 ಸೆಂ.ಮೀ. ದೂರದಲ್ಲಿ ಎರಡು ಸಾಲು ಉದ್ದ ಹೊಲಿಗೆ ಹಾಕಿಸಿ. ಬಾಬಿನ್ ದಾರ ಎರಡನ್ನೂ ಒಟ್ಟಿಗೆ ಎಳೆದು, ಬೆರಳಿನಿಂದ ಬಟ್ಟೆಯನ್ನು ಹರಡಬೇಕು. ನಂತರ ಭುಜ, ಕಚ್ಚುಗಳು, ಕಂಕುಳು ಈ ಕ್ರಮದಲ್ಲಿ ಪಿನ್ನು. ಹೊಲಿಯುವಾಗ ತೋಳಿನ ಬಟ್ಟೆ ಕೆಳಗಿರಲಿ. ಮೆಷಿನ್ನಿನ ಹಲ್ಲುಗಳು ಕೆಳಗಿನ ಪದರವನ್ನು ಸ್ವಲ್ಪ ಬೇಗ ಎಳೆಯುವುದರಿಂದ ಹೆಚ್ಚುವರಿ ಬಟ್ಟೆ ತಾನೇ ಒಳಸೇರುತ್ತದೆ.

"ಹದ ನೋಡಿ ಎಳೀರಿ" ಎಂದರೆ ಹೊಸಬರಿಗೆ ಏನೂ ತಿಳಿಯದು. ವರ್ಷಗಟ್ಟಲೆ ಹೊಲಿದ ಕೈಗೆ ಗೊತ್ತಿರುವುದನ್ನು ಬಾಯಿಗೆ ತರುವುದೇ ಈ ಕಾರ್ಯಾಗಾರದಲ್ಲಿ ಟೈಲರ್ ಮಾಡಬೇಕಾದ ನಿಜವಾದ ಕೆಲಸ. ದಾರ ಎಳೆದ ಮೇಲೆ ಟೇಪು ಹಿಡಿದು, ಬಾಗು 46ಕ್ಕೆ ಬಂದಿದೆಯೇ ಎಂದು ಅವರಿಂದಲೇ ಅಳೆಸಿ.

ಮೊದಲ ತೋಳನ್ನು ಪಕ್ಕದ ಹೊಲಿಗೆ ಹಾಕುವ ಮುಂಚೆ, ಬಟ್ಟೆ ಚಪ್ಪಟೆಯಾಗಿರುವಾಗಲೇ ಕೂರಿಸಲಿ. ಇದಕ್ಕೆ ಹೆಚ್ಚುವರಿ ಬಟ್ಟೆ ಬಹುತೇಕ ಇಲ್ಲದಂತೆ ಕತ್ತರಿಸಿಡಿ. ಎರಡನೆಯದು 3 ಸೆಂ.ಮೀ. ಹೆಚ್ಚುವರಿ ಬಟ್ಟೆ ಇರುವ ದುಂಡು ತೋಳು. ಮೂರನೆಯದು ಅದರ ಎದುರು ಬದಿಯದು, ಯಾರ ನೆರವೂ ಇಲ್ಲದೆ. ಹೆಚ್ಚಿನವರು ಮುಂದು ಹಿಂದು ಅದಲುಬದಲು ಮಾಡಿ ಎಡವುವುದು ಇಲ್ಲಿಯೇ. ಮುಂದಿನ ಬಾಗು ಹೆಚ್ಚು ಆಳವಾಗಿರುತ್ತದೆ. ಮುಂದೆ ಒಂದು ಕಚ್ಚು, ಹಿಂದೆ ಎರಡು ಎಂದು ಗುರುತು ಮಾಡಿಟ್ಟರೆ ಅವರೇ ಪತ್ತೆಹಚ್ಚುತ್ತಾರೆ.

ಮುಗಿದ ತೋಳನ್ನು ಹ್ಯಾಂಗರಿಗೆ ಹಾಕಿ ನೋಡಿ. ಭುಜದ ಬಳಿ ಸಣ್ಣ ನೆರಿಗೆ ಬಿದ್ದಿದ್ದರೆ ಬಟ್ಟೆ ಒಂದೇ ಕಡೆ ಗುಂಪಾಗಿದೆ. ಓರೆ ಸುಕ್ಕು ಎಳೆದುಕೊಂಡಿದ್ದರೆ ತೋಳು ತಿರುಗಿ ಕೂತಿದೆ. ಮೊದಲನೆಯದಕ್ಕೆ ಆ ನಾಲ್ಕು ಬೆರಳಗಲ ಬಿಚ್ಚಿದರೆ ಸಾಕು, ಎರಡನೆಯದಕ್ಕೆ ಇಡೀ ತೋಳು ಬಿಚ್ಚಬೇಕು. ಬಿಚ್ಚಿ ಮತ್ತೆ ಹೊಲಿಯಲು ಎರಡನೇ ದಿನ ಎರಡು ಗಂಟೆ ಖಾಲಿ ಇಟ್ಟಿರಿ.