ಫಾರೆಕ್ಸ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಕಾಣದ ರೂಪಾಯಿಗಳು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಜೂನ್ ಆರಂಭದಲ್ಲಿ ಮರಳಿದ ನಾವು, ಮೊದಲೇ ಡಾಲರ್ ತುಂಬಿಸಿಕೊಂಡು ಒಯ್ದಿದ್ದ ಫಾರೆಕ್ಸ್ ಕಾರ್ಡಿನಲ್ಲಿ ಉಳಿದಿದ್ದ 142.60 ಡಾಲರನ್ನು ಮರೆತೇಬಿಟ್ಟಿದ್ದೆವು. ಫೆಬ್ರವರಿಯಲ್ಲಿ ಸ್ಟೇಟ್‌ಮೆಂಟ್ ತೆಗೆದಾಗ ಇದ್ದದ್ದು 127.60. ಡಿಸೆಂಬರ್, ಜನವರಿ, ಫೆಬ್ರವರಿ, ಮೂರೂ ತಿಂಗಳಲ್ಲಿ INACTIVITY FEE ಎಂಬ ಸಾಲಿನಡಿ ಐದೈದು ಡಾಲರ್ ಕಡಿತವಾಗಿತ್ತು. ಕೊನೆಯ ಬಳಕೆಯಿಂದ 180 ದಿನ ಕಳೆದ ಮೇಲೆ ಈ ಶುಲ್ಕ ಹತ್ತುತ್ತದೆಂದು ನಮ್ಮ ಬ್ಯಾಂಕಿನ ದರಪಟ್ಟಿಯಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ಮೊತ್ತವೂ ಅವಧಿಯೂ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಿರುತ್ತವೆ.

ಅದನ್ನು ಹುಡುಕುವಾಗಲೇ ದೊಡ್ಡ ಸಂಗತಿಯೊಂದು ಹೊಳೆಯಿತು. ಕಾರ್ಡಿನ ಸ್ಟೇಟ್‌ಮೆಂಟ್ ಇರುವುದು ಡಾಲರಿನಲ್ಲಿ. ನಾವು ಎಷ್ಟು ರೂಪಾಯಿ ಕೊಟ್ಟು ಲೋಡ್ ಮಾಡಿಸಿದೆವೆಂಬುದು ಅದರಲ್ಲಿ ಇರುವುದೇ ಇಲ್ಲ. ಅದಕ್ಕೆ ಹಣ ಕಟ್ಟಿದ ದಿನದ ರಸೀದಿಯನ್ನೇ ಹುಡುಕಬೇಕು. 1,000 ಡಾಲರಿಗೆ ನನ್ನ ಖಾತೆಯಿಂದ ಹೋದದ್ದು 87,174.42 ರೂಪಾಯಿ. ಅದರಲ್ಲಿ ಲೋಡಿಂಗ್ ಶುಲ್ಕ ಜಿಎಸ್‌ಟಿ ಸೇರಿ 118, ವಿನಿಮಯದ ಮೇಲಿನ ಜಿಎಸ್‌ಟಿ 156.42. ಇವೆರಡನ್ನು ಕಳೆದರೆ ಉಳಿಯುವುದು 86,900, ಎಂದರೆ ಡಾಲರಿಗೆ 86.90. ಅಂದು ಮಾರುಕಟ್ಟೆ ದರ 85.20 ಇತ್ತು. ರಸೀದಿಯಲ್ಲಿ ಎಲ್ಲಿಯೂ ಶುಲ್ಕವೆಂದು ಹೆಸರಿಸದ 1,700 ರೂಪಾಯಿ ಈ ವ್ಯತ್ಯಾಸದಲ್ಲೇ ಹೋಗಿತ್ತು. ಹೆಸರಿರುವ ಶುಲ್ಕಗಳ ಒಟ್ಟು ಮೊತ್ತ ಮುನ್ನೂರನ್ನೂ ಮುಟ್ಟಿರಲಿಲ್ಲ.

ಉಳಿದ ಡಾಲರಿನ ಮರುಪಾವತಿಯಲ್ಲಿ ಇದೇ ವ್ಯತ್ಯಾಸ ತಿರುಗುಮುರುಗಾಗುತ್ತದೆ, ಏಕೆಂದರೆ ಈಗ ಬ್ಯಾಂಕು ನಮ್ಮಿಂದ ಕೊಳ್ಳುತ್ತದೆ. ನನಗೆ ಸಿಕ್ಕ ದರ 83.60, ಮೊತ್ತ 10,667.36. ಇದರ ಮೇಲೂ ಜಿಎಸ್‌ಟಿ ಇದೆ: ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ. 1ನ್ನು ತೆರಿಗೆ ಹಾಕುವ ಮೌಲ್ಯವೆಂದು ಹಿಡಿಯುತ್ತಾರೆ, ಆದರೆ ಅದು 250 ರೂಪಾಯಿಗಿಂತ ಕಡಿಮೆಯಿರುವಂತಿಲ್ಲ, ಅದರ ಶೇ. 18 ಎಂದರೆ 45 ರೂಪಾಯಿ. ಹತ್ತೇ ಡಾಲರ್ ಮರಳಿಸಿದರೂ ಅಷ್ಟೇ ಕಟ್ಟಬೇಕು. ಆದ್ದರಿಂದ ಚಿಲ್ಲರೆ ಬಾಕಿಯನ್ನು ವಿಮಾನ ನಿಲ್ದಾಣದಲ್ಲೇ ಖರ್ಚು ಮಾಡುವುದು ಲೇಸೆಂದು ನನ್ನ ಅಭಿಪ್ರಾಯ.

‘ಪೂರ್ತಿ ಹಣ ಈಗಲೇ ಬರುವುದಿಲ್ಲ ಸರ್, ಸ್ವಲ್ಪ ತಡೆಹಿಡಿಯುತ್ತೇವೆ’ ಎಂದು ಕೌಂಟರಿನ ಹುಡುಗ ಹೇಳಿದಾಗ ನಾನು ಸಿಡುಕಿದ್ದೆ. ಅವನ ಮಾತಿಗೆ ಆಧಾರವಿದೆ. ಕೇಳಿದ ಕೂಡಲೇ ಬಾಕಿ ಮರಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮವಾದರೂ, ಹೋಟೆಲಿನ ಠೇವಣಿಯಂತೆ ಅನುಮತಿ ಪಡೆದು ಇನ್ನೂ ಇತ್ಯರ್ಥವಾಗದ ಮೊತ್ತವನ್ನೂ, ಇನ್ನೂ ಬ್ಯಾಂಕಿಗೆ ತಲುಪದೆ ದಾರಿಯಲ್ಲಿರಬಹುದಾದ ವ್ಯವಹಾರಗಳಿಗೆಂದು 100 ಡಾಲರ್ ಮೀರದ ಸಣ್ಣ ಮೊತ್ತವನ್ನೂ ಇತ್ಯರ್ಥದ ಅವಧಿ ಮುಗಿಯುವವರೆಗೆ ಇರಿಸಿಕೊಳ್ಳಲು ಅವಕಾಶವಿದೆ. ಆದರೆ ನನ್ನ ಕೊನೆಯ ಬಳಕೆಯೇ ಎಂಟು ತಿಂಗಳ ಹಿಂದಿನದು, ದಾರಿಯಲ್ಲಿ ಯಾವ ವ್ಯವಹಾರವೂ ಇರಲು ಸಾಧ್ಯವಿರಲಿಲ್ಲ. ಸ್ಟೇಟ್‌ಮೆಂಟನ್ನು ಮುಂದಿಟ್ಟು ಅದನ್ನೇ ಕೇಳಿದೆ. ಒಳಗೆ ಹೋಗಿ ಬಂದವನು ಪೂರ್ತಿ ಮೊತ್ತಕ್ಕೆ ಅರ್ಜಿ ತೆಗೆದುಕೊಂಡ. ಕಡಿತವಾದ ಹದಿನೈದು ಡಾಲರ್ ಮಾತ್ರ ಬರಲಿಲ್ಲ.