35 ತಗೊಂಡವರನ್ನು ಫೇಲ್ ಮಾಡಿದ ಮೇಷ್ಟ್ರು ನಾನೇ

ಅರ್ಧವಾರ್ಷಿಕ ಪರೀಕ್ಷೆ ಮುಗಿದರೆ ಮಕ್ಕಳಿಗೆ ರಜೆ, ನಮಗೆ ರಿಸಲ್ಟ್ ಅನಾಲಿಸಿಸ್. 35ಕ್ಕಿಂತ ಕಡಿಮೆ ಎಷ್ಟು ಜನ, 35ರಿಂದ 49 ಎಷ್ಟು, 50ರಿಂದ 59, 60ರಿಂದ 84, 85 ಮತ್ತು ಮೇಲೆ. ಮೊದಲು ಅಂಕಪಟ್ಟಿ ಮುಂದಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ಈ ಸಲ ಎಕ್ಸೆಲ್‌ನಲ್ಲಿ ಮಾಡೋಣ ಅಂತ ಕೂತೆ.

ತರಗತಿಯಲ್ಲಿ 42 ಮಕ್ಕಳು. ಒಬ್ಬ ಗೈರುಹಾಜರು, ಅವನ ಮುಂದೆ AB ಎಂದು ಬರೆದಿದ್ದೆ. F ಕಾಲಂನಲ್ಲಿ 35, 50, 60, 85 ಎಂದು ಗಡಿಗಳನ್ನು ಹಾಕಿ ಈ ಸೂತ್ರ ಕೊಟ್ಟೆ:

```
=FREQUENCY(C2:C43,F2:F5)
```

9, 10, 8, 11, 3 ಎಂದು ಬಂತು. ಕೂಡಿದರೆ 41. AB ಅಕ್ಷರವಾದ್ದರಿಂದ ಅದನ್ನು ಎಣಿಸಿಲ್ಲ. ಲೆಕ್ಕ ಸರಿಯಾಗಿದೆ ಅಂದುಕೊಂಡು ಪ್ರಿಂಟ್ ತೆಗೆದು ಎಚ್.ಎಂ. ಮೇಡಂ ಟೇಬಲ್ ಮೇಲೆ ಇಟ್ಟೆ. "ಒಂಬತ್ತು ಜನ ಫೇಲಾ ಸರ್? ನೀವು ನಾಲ್ಕೇ ಜನ ಅಂದಿದ್ರಿ ಅಲ್ವಾ?" ಎಂದರು. ಹೌದು, ಪೇಪರ್ ತಿದ್ದಿದವನು ನಾನೇ, ನಾಲ್ಕೇ ಜನ.

ಎಡವಟ್ಟಾಗಿದ್ದು ಇಷ್ಟೇ. FREQUENCYಗೆ ನಾವು ಕೊಡುವ ಸಂಖ್ಯೆ ಆ ಗುಂಪಿನ ಮೇಲಿನ ಗಡಿ, ಆ ಸಂಖ್ಯೆಯೂ ಗುಂಪಿನೊಳಗೇ ಸೇರುತ್ತದೆ. 35 ಎಂದು ಕೊಟ್ಟರೆ "35ರವರೆಗೆ" ಎಂದು ಓದಿಕೊಳ್ಳುತ್ತದೆ. ಸರಿಯಾಗಿ 35 ತಗೊಂಡ ಐದು ಮಕ್ಕಳು ಕೆಳಗಿನ ಗುಂಪಿಗೆ ಬಿದ್ದರು. 50 ತಗೊಂಡ ಇಬ್ಬರು, 60 ಮತ್ತು 85 ತಗೊಂಡ ಒಬ್ಬೊಬ್ಬರು ಕೂಡ ಒಂದೊಂದು ಮೆಟ್ಟಿಲು ಕೆಳಗಿಳಿದರು. ನಿಜವಾದ ಲೆಕ್ಕ 4, 13, 9, 11, 4. ಅದನ್ನು ಕೂಡಿದರೂ 41! ಮೊತ್ತ ನೋಡಿ ಈ ತಪ್ಪು ಹಿಡಿಯಲು ಆಗುವುದೇ ಇಲ್ಲ. 60ರಿಂದ 84ರ ಗುಂಪಂತೂ ಎರಡು ಸಲವೂ 11. ಒಬ್ಬ ಒಳಗೆ ಬಂದ, ಒಬ್ಬ ಹೊರಗೆ ಹೋದ.

ಹೊರಗಿನವರಿಗೆ ಐದು ಜನ ಸರಿಯಾಗಿ 35 ತಗೊಂಡರು ಅಂದರೆ ಆಶ್ಚರ್ಯ ಆಗಬಹುದು. ಮೇಷ್ಟ್ರುಗಳಿಗೆ ಆಗಲ್ಲ. 33 ಬಂದ ಪೇಪರನ್ನು ನಾವೇ ಇನ್ನೊಂದು ಸಲ ತಿರುವಿ ಹಾಕಿ, ಎಲ್ಲಾದರೂ ಎರಡು ಅಂಕ ಸಿಗುತ್ತದಾ ಎಂದು ಹುಡುಕುತ್ತೇವೆ. ಹಾಗಾಗಿ ಗಡಿಯ ಮೇಲೇ ಜಾಸ್ತಿ ಜನ.

ಗಡಿಯನ್ನು 34, 49, 59, 84 ಎಂದು ಬದಲಿಸಿದರೆ ಸರಿಹೋಗುತ್ತದೆ. ಅಂಕಗಳು ಪೂರ್ಣ ಸಂಖ್ಯೆ ಆಗಿದ್ದರೆ ಮಾತ್ರ. ಎರಡು ಟೆಸ್ಟಿನ ಸರಾಸರಿ ತೆಗೆದು ಯಾರಿಗೋ 34.5 ಬಂದರೆ, 34 ದಾಟಿದ್ದಾನಲ್ಲ ಎಂದು FREQUENCY ಅವನನ್ನು ಪಾಸಾದವರ ಜೊತೆ ಕೂರಿಸುತ್ತದೆ. ಇನ್ನೊಂದು ವಿಷಯ: ಎಕ್ಸೆಲ್ 2019 ಮತ್ತು ಅದಕ್ಕಿಂತ ಹಳೆಯದರಲ್ಲಿ ನಾಲ್ಕು ಗಡಿಗೆ ಐದು ಸೆಲ್ ಆಯ್ಕೆ ಮಾಡಿ Ctrl+Shift+Enter ಒತ್ತಬೇಕು. ನಾಲ್ಕೇ ಸೆಲ್ ಆಯ್ಕೆ ಮಾಡಿದರೆ 85 ಮೇಲಿನ ಜಾಣರೇ ಮಾಯ.

ಅದಕ್ಕೇ ನಾನೀಗ COUNTIFS ಪಕ್ಷ. ಟೈಪ್ ಮಾಡುವುದು ಜಾಸ್ತಿ, ಆದರೆ ಗಡಿ ಯಾವ ಕಡೆಗೆ ಸೇರಿದ್ದು ಎಂಬುದು ಸೂತ್ರದಲ್ಲೇ ಕಾಣುತ್ತದೆ. E2ರಿಂದ E7ರವರೆಗೆ 0, 35, 50, 60, 85, 101 ಎಂದು ಬರೆದು, ಎರಡನೇ ಸಾಲಿನಲ್ಲಿ ಇದನ್ನು ಹಾಕಿ ಆರನೇ ಸಾಲಿನವರೆಗೆ ಎಳೆದೆ:

```
=COUNTIFS($C$2:$C$43,">="&E2,$C$2:$C$43,"<"&E3)
```

ಕೆಳಗಿನ ಗಡಿ ಒಳಗೆ, ಮೇಲಿನದು ಹೊರಗೆ. 35 ಪಾಸು, 34.5 ಫೇಲು. ಕೊನೆಯಲ್ಲಿ 101 ಯಾಕೆಂದರೆ, 100 ಎಂದು ಬರೆದರೆ ನೂರಕ್ಕೆ ನೂರು ತಗೊಂಡ ಹುಡುಗಿ ಲೆಕ್ಕಕ್ಕೇ ಸಿಗುವುದಿಲ್ಲ. ಕೆಲವರು ">=35" ಮತ್ತು "<=49" ಎಂದು ಬರೆಯುತ್ತಾರೆ. ಹಾಗೆ ಬರೆದರೆ 49.5 ಬಂದವನಿಗೆ ಎರಡೂ ಮನೆಯಲ್ಲಿ ಜಾಗವಿಲ್ಲ.

ಇದರಲ್ಲಿ ಮೊತ್ತ ತಾಳೆ ನೋಡುವುದಕ್ಕೂ ಅರ್ಥವಿದೆ. ಐದು ಗುಂಪುಗಳ ಮೊತ್ತ `=COUNT(C2:C43)` ಕೊಡುವ ಸಂಖ್ಯೆಗೆ ಸಮ ಬರಬೇಕು. 35ರ ಬದಲು ಕೈತಪ್ಪಿ 350 ಎಂದು ಒತ್ತಿದ್ದರೆ ಮೊತ್ತ ಒಂದು ಕಡಿಮೆ ಬಂದು ಸಿಕ್ಕಿಬೀಳುತ್ತದೆ. FREQUENCY ಆಗಿದ್ದರೆ ಸುಮ್ನೆ ಅವನನ್ನು 85 ಮೇಲಿನ ಗುಂಪಿಗೆ ಸೇರಿಸಿಬಿಡುತ್ತಿತ್ತು.

COUNT ಕೂಡ ಹಿಡಿಯದ ಒಂದು ಕೇಸ್ ಇದೆ. ಬೇರೆ ಕಡೆಯಿಂದ ಕಾಪಿ ಮಾಡಿ ತಂದ ಅಂಕ ಕೆಲವೊಮ್ಮೆ ಅಕ್ಷರವಾಗಿ ಕೂತಿರುತ್ತದೆ. ನೋಡಲು 62, ಆದರೆ ಯಾವ ಗುಂಪಿಗೂ ಸೇರಲ್ಲ, COUNTಗೂ ಸಿಗಲ್ಲ. ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಇದ್ದರೆ, ಅಂಕ ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನ ಪಡಿ. COUNT 41 ಬದಲು 40 ಎಂದರೆ ಹಾಜರಿ ಪುಸ್ತಕ ತೆಗೆದು ನೋಡಿ, ಅವತ್ತು ಗೈರು ಇದ್ದವನು ಒಬ್ಬನೇ ಅಲ್ವಾ ಅಂತ.