ನಾಳೆ ನೀರು ಬರಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ

ನಮ್ಮ ಸಾರ್ ಬಾಡಿಗೆ ಮನೆಗಳ ಏಜೆಂಟು. ಓನರ್‌ಗಳ ಪರವಾಗಿ ಬಾಡಿಗೆ ವಸೂಲಿ ಮಾಡೋದು, ರಿಪೇರಿ ಮಾಡಿಸೋದು, ಮೇಲಿನ ಮನೆಯವ್ರಿಗೂ ಕೆಳಗಿನ ಮನೆಯವ್ರಿಗೂ ರಾಜಿ ಮಾಡಿಸೋದು ಎಲ್ಲಾ ಅವ್ರದ್ದೇ. ಮನುಷ್ಯ ಚಿನ್ನ, ಎದುರಿಗೆ ನಿಂತು ಮಾತಾಡಿದ್ರೆ ಎಂಥಾ ಜಗಳಗಂಟರೂ ತಣ್ಣಗಾಗ್ತಾರೆ. ಆದ್ರೆ ಮೆಸೇಜ್ ಟೈಪ್ ಮಾಡಿದ್ರೋ, ತಣ್ಣಗಿದ್ದವ್ರೂ ಎದ್ದು ಬರ್ತಾರೆ. ಹಾಗಾಗಿ ಅವ್ರ ಮೆಸೇಜ್‌ಗಳನ್ನ ಮನುಷ್ಯರು ಓದೋ ನೋಟಿಸ್ ಮಾಡೋ ಕೆಲಸ ಈಗ ಆಫೀಸಲ್ಲಿ ನನ್ನ ತಲೆಗೆ ಬಿದ್ದಿದೆ.

ಇದಕ್ಕೆಲ್ಲಾ ಕಾರಣ ಆದ ಮೆಸೇಜ್ ಇದು. ಗ್ರೂಪಲ್ಲಿ ರಾತ್ರಿ 11:40ಕ್ಕೆ ಬಿದ್ದಿತ್ತು:

"ನಾಳೆ ನೀರು ಬರಲ್ಲ ಪೈಪ್ ಕೆಲ್ಸ ಇದೆ ಅಡ್ಜಸ್ಟ್ ಮಾಡ್ಕೊಳ್ಳಿ ಹಾಗೇ ಬಾಡಿಗೆನೂ ಸ್ವಲ್ಪ ನೋಡಿ 🙏"

ರಾತ್ರಿನೇ ಓದಿದವ್ರು ಬಕೆಟ್ ತುಂಬಿಸಿಟ್ಟು ಮಲಗಿದ್ರು. ಬೆಳಿಗ್ಗೆ ಎದ್ದು ಓದಿದವ್ರು, ಓ ನಾಳೆ ತಾನೇ ಅಂತ ಆರಾಮಾಗಿದ್ರು. ಅವ್ರದ್ದೇನೂ ತಪ್ಪಿಲ್ಲ ನೋಡಿ, ಸಾರ್ ತಾರೀಕೇ ಹಾಕಿರ್ಲಿಲ್ಲ. ಪ್ಲಂಬರ್ ಬಂದು ಟೆರೇಸ್ ಟ್ಯಾಂಕಿನ ವಾಲ್ವ್ ತಿರುಗಿಸಿದಾಗ ಎರಡನೇ ಮಹಡಿ ಆಂಟಿ ತಲೆ ತುಂಬಾ ಶಾಂಪೂ ಹಾಕ್ಕೊಂಡು ಬಾತ್‌ರೂಮಲ್ಲಿದ್ರು. ಮೂರನೇ ಮಹಡಿಯವ್ರು ನಲ್ಲಿ ತಿರುಗಿಸಿದ್ರು, ನೀರು ಬರ್ಲಿಲ್ಲ, ಬೈಕೊಂಡು ಹಾಗೇ ಬಿಟ್ಟು ಬೀಗ ಹಾಕಿ ಕೆಲಸಕ್ಕೆ ಹೋದ್ರು. ಈ ಕಡೆ ಆಂಟಿ ಕೂಗಾಟಕ್ಕೆ ಹೆದರಿ ಸಾರ್, ಮೊದ್ಲು ವಾಲ್ವ್ ತೆಗಿಯಪ್ಪ, ಕೆಲಸ ಇನ್ನೊಂದಿನ ಮಾಡೋಣ ಅಂದ್ರು. ಆಂಟಿ ತಲೆ ತೊಳ್ಕೊಂಡ್ರು, ಮೂರನೇ ಮಹಡಿಯ ಬಿಟ್ಟ ನಲ್ಲಿ ಸಾಯಂಕಾಲದ ತನಕ ಹರೀತು. ಆಂಟಿ ಹಾಲ್‌ನ ಸೀಲಿಂಗಲ್ಲಿ ಈಗಲೂ ಒಂದು ದೊಡ್ಡ ಕಲೆ ಇದೆ, ಯಾವ ಖಂಡದ ಆಕಾರ ಅನ್ನೋದ್ರ ಬಗ್ಗೆ ಅವ್ರ ಮನೇಲಿ ಒಮ್ಮತ ಇಲ್ಲ.

ಇನ್ನು ಆ ಬಾಡಿಗೆ ವಾಕ್ಯ. ಕಟ್ಟಿದವ್ರೆಲ್ಲಾ, ನಾವು ಎರಡನೇ ತಾರೀಕಿಗೇ ಕಟ್ಟಿದೀವಿ, ಎಲ್ಲರ ಮುಂದೆ ನಮ್ಮ ಮಾನ ಯಾಕೆ ತೆಗೀತೀರಾ ಅಂತ ಉದ್ದುದ್ದ ಬರೆದ್ರು. ಕಟ್ಟದೇ ಇದ್ದವ್ರು ಒಂದು 👍 ಹಾಕಿ ಸುಮ್ನಾದ್ರು. ಇನ್ನೊಬ್ರಂತೂ, ನೀರಿಗೂ ಬಾಡಿಗೆಗೂ ಗಂಟು ಹಾಕಿದೀರಾ, ಬಾಡಿಗೆ ಕೊಡೋ ತನಕ ನೀರು ಬಿಡಲ್ವಾ ಅಂತ ಫೋನ್ ಮಾಡಿ ಕೇಳಿದ್ರು. ಸಾರ್‌ಗೆ ಅಂಥ ಯೋಚನೆ ಕನಸಲ್ಲೂ ಇಲ್ಲ, ಆದ್ರೆ ಒಂದೇ ಉಸಿರಲ್ಲಿ ಎರಡನ್ನೂ ಹೇಳಿದ್ರೆ ಓದೋರಿಗೆ ಹಾಗೇ ಕೇಳ್ಸತ್ತೆ.

ಪೈಪ್ ಕೆಲಸ ಗುರುವಾರಕ್ಕೆ ಹೋಯ್ತು. ಈ ಸಲ ಸಾರ್ ತಾವೇ ಗಂಭೀರವಾಗಿ ಕೂತು, "ಈ ಮೂಲಕ ಸಮಸ್ತ ಬಾಡಿಗೆದಾರ ಮಹಾಶಯರಿಗೆ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ" ಅಂತ ಶುರು ಮಾಡಿದ್ರು. ಆರನೇ ಸಾಲಿಗೆ ಬಂದ್ರೂ ನೀರಿನ ಸುದ್ದಿನೇ ಇಲ್ಲ. ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನೋದೂ ಒಂದೇ ಇದೂ ಒಂದೇ, ಎರಡ್ರಲ್ಲೂ ಬಕೆಟ್ ಯಾವಾಗ ತುಂಬಿಸ್ಬೇಕು ಅನ್ನೋದು ಗೊತ್ತಾಗಲ್ಲ. ಫೋನ್ ನನ್ನ ಕೈಗೆ ಬಂತು.

ಬರೆಯೋಕೆ ಮುಂಚೆ ಪ್ಲಂಬರ್‌ಗೆ ಫೋನ್ ಮಾಡಿ ಎಷ್ಟೊತ್ತು ಬೇಕಣ್ಣ ಅಂದೆ. "ಒಂದ್ ಗಂಟೆ ಮೇಡಂ." ಪೈಪಿಗೆ ಹಚ್ಚೋ ಗಮ್ ಒಣಗೋದೂ ಸೇರಿಸಿನಾ? "ಅದು ಬೇರೆ." ಹಳೇ ಪೈಪ್ ಕತ್ತರಿಸಿ ತೆಗೆಯೋದು? "ಅದೂ ಬೇರೆ." ಈ ಪ್ಲಂಬರ್ ಹೇಳೋ ಒಂದು ಗಂಟೆ ಅಂದ್ರೆ ಕೈ ಆಡೋ ಹೊತ್ತು ಮಾತ್ರ. ಜಾಯಿಂಟ್ ಸರಿಯಾಗಿ ಹಿಡಿಯೋ ಮುಂಚೆ ನೀರು ಬಿಟ್ರೆ ಪ್ರೆಷರ್‌ಗೆ ಅದೇ ಜಾಗದಲ್ಲಿ ಮತ್ತೆ ಸೋರತ್ತೆ, ಹಾಗಾಗಿ ಆ ಕಾಯೋ ಹೊತ್ತನ್ನೂ ಸೇರಿಸಿ ಹೀಗೆ ಬರೆದೆ:

"ಗುರುವಾರ, 14ನೇ ತಾರೀಕು, ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ನೀರು ಇರುವುದಿಲ್ಲ. ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪ್ ಸೋರುತ್ತಿದೆ, ಅದನ್ನು ಬದಲಾಯಿಸುತ್ತಿದ್ದೇವೆ. ಎಲ್ಲ ಮಹಡಿಗಳಲ್ಲೂ, ಅಡುಗೆಮನೆ ಮತ್ತು ಬಾತ್‌ರೂಮ್ ಎರಡರಲ್ಲೂ ನೀರು ನಿಲ್ಲುತ್ತದೆ. 10 ಗಂಟೆಯೊಳಗೆ ಬೇಕಾದಷ್ಟು ನೀರು ತುಂಬಿಸಿಟ್ಟುಕೊಳ್ಳಿ. ಗೀಸರ್ ಆಫ್ ಮಾಡಿ. ಹೊರಗೆ ಹೋಗುವ ಮುಂಚೆ ಎಲ್ಲ ನಲ್ಲಿಗಳು ಮುಚ್ಚಿವೆಯೇ ನೋಡಿ. ಕೆಲಸದವರು ನಿಮ್ಮ ಮನೆಯೊಳಗೆ ಬರುವುದಿಲ್ಲ. ತಡವಾಗುವ ಹಾಗಿದ್ದರೆ 1 ಗಂಟೆಗೆ ಇಲ್ಲೇ ತಿಳಿಸುತ್ತೇವೆ. ನೀರು ಬಂದ ಮೇಲೆ ಕಸ, ಕೆಸರು ಹೋಗುವ ತನಕ ಸ್ವಲ್ಪ ಹರಿಯಬಿಟ್ಟು ಆಮೇಲೆ ಬಳಸಿ."

ಸಾರ್ ಓದಿ, ಗೀಸರ್ ಯಾಕಮ್ಮಾ ಅಂದ್ರು. ಒಳಗೆ ನೀರಿಲ್ದೆ ಕಾದ್ರೆ ಕಾಯಿಲ್ ಸುಟ್ಟುಹೋಗತ್ತೆ ಸಾರ್, ಆಮೇಲೆ ಅದರ ರಿಪೇರಿ ಬಿಲ್ ಯಾರು ಕೊಡ್ಬೇಕು ಅಂತ ಹೊಸ ಜಗಳ ಅಂದೆ. ಮನೆಯೊಳಗೆ ಬರಲ್ಲ ಅನ್ನೋ ಸಾಲನ್ನ ದಂಡ ಅಂತ ತೆಗೆಯೋಕೆ ಹೋದ್ರು, ನಾನು ಬಿಡ್ಲಿಲ್ಲ. ಹೋದ್ಸಲ ಅದಿಲ್ದೆ ನಾಲ್ಕನೇ ಮಹಡಿ ಹುಡುಗ ಪ್ಲಂಬರ್‌ಗೋಸ್ಕರ ರಜಾ ಹಾಕಿ ಮನೇಲಿ ಕೂತಿದ್ದ.

ಬಾಡಿಗೆ ವಿಷಯ ಗ್ರೂಪಿಂದ ಹೊರಗೆ ತಂದೆ. ಕಟ್ಟದೇ ಇದ್ದವ್ರಿಗೆ ಮಾತ್ರ, ಒಬ್ಬೊಬ್ರಿಗೆ ಬೇರೆ ಬೇರೆ: "ಈ ತಿಂಗಳ ಬಾಡಿಗೆ 5ನೇ ತಾರೀಕಿಗೆ ಬರಬೇಕಿತ್ತು. ಇಂದು, 12ನೇ ತಾರೀಕು ಬೆಳಿಗ್ಗೆವರೆಗೆ ನಮ್ಮ ಖಾತೆಗೆ ಜಮಾ ಆಗಿಲ್ಲ. ದಯವಿಟ್ಟು 15ರೊಳಗೆ ಕಟ್ಟಿ. ಕಟ್ಟಿಯಾಗಿದ್ದರೆ ತಾರೀಕು ಮತ್ತು ಟ್ರಾನ್ಸಾಕ್ಷನ್ ನಂಬರ್ ಕಳಿಸಿ, ಸರಿಪಡಿಸಿಕೊಳ್ಳುತ್ತೇವೆ. ಆಗುವುದಿಲ್ಲ ಎಂದಾದರೆ ಯಾವ ತಾರೀಕಿಗೆ ಎಷ್ಟು ಕೊಡುತ್ತೀರಿ ಎಂದು ತಿಳಿಸಿ." ಅರ್ಧ ಮಾತ್ರ ಕೊಟ್ಟವ್ರಿಗೆ ಬಂದಿದ್ದೆಷ್ಟು, ಉಳಿದಿದ್ದೆಷ್ಟು ಅಂತ ಒಂದು ಸಾಲು ಜಾಸ್ತಿ. ಇದರ ಕೊನೆಗೆ ಸಾರ್, "ಇಲ್ಲಾಂದ್ರೆ ಕರೆಂಟ್ ಕಟ್ 😄" ಅಂತ ಸೇರಿಸಿದ್ರು. ತಮಾಷೆಗಮ್ಮಾ ಅಂದ್ರು. ಸ್ಕ್ರೀನ್‌ಶಾಟ್ ಆದ್ಮೇಲೆ ಅದು ತಮಾಷೆ ಅಲ್ಲ ಸಾರ್, ಬೆದರಿಕೆ, ಬಾಡಿಗೆ ಬಾಕಿಗೆ ಕರೆಂಟ್ ಕಟ್ ಮಾಡೋದು ಎಷ್ಟೋ ಕಡೆ ಕಾನೂನಿಗೇ ವಿರುದ್ಧ ಅಂತ ಅಳಿಸಿದೆ. ಆ ಹಲ್ಲು ಬಿಟ್ಟ ಮುಖನಾದ್ರೂ ಇರ್ಲಿ ಅಂತ ಬೇಡಿಕೊಂಡ್ರು, ಅದನ್ನೂ ಅಳಿಸಿದೆ.

ಗುರುವಾರ 1 ಗಂಟೆಗೆ ನೋಡಿದ್ರೆ ಕೆಲಸ ತಡ. 3:30 ಆಗತ್ತೆ ಅಂತ ಗ್ರೂಪಲ್ಲಿ ಹಾಕಿದ್ವಿ, ಆಂಟಿ ಸೇರಿದ ಹಾಗೆ ಒಬ್ರೂ ಕಿರುಚಲಿಲ್ಲ. ಬದಲಿಗೆ ನಾಲ್ಕಾರು ಜನ ಸಾರ್‌ಗೆ ಪ್ರತ್ಯೇಕವಾಗಿ ಫೋನ್ ಮಾಡಿ, ಏನ್ಸಾರ್ ನಮ್ಮ ಮೇಲೆ ಕೋಪಾನಾ, ಲಾಯರ್ ಇಟ್ಕೊಂಡ್ರಾ ಅಂತ ವಿಚಾರಿಸಿಕೊಂಡ್ರು.

ಈಗ ತೊಂದರೆ ಆ ಕಡೆಯಿಂದ. ನಿನ್ನೆ ಮೂರನೇ ಮಹಡಿಯಿಂದ ಮೆಸೇಜ್ ಬಂತು, "ಸಾರ್ ಅದು ಮತ್ತೆ ಶುರುವಾಯ್ತು". ಯಾವುದು, ಯಾವ ರೂಮಲ್ಲಿ, ಎಷ್ಟೊತ್ತಿಂದ, ಫೋಟೋ ಇದ್ಯಾ, ಪ್ಲಂಬರ್ ಯಾವಾಗ ಬಂದ್ರೆ ಮನೇಲಿರ್ತೀರಾ ಅಂತ ಕೇಳೋಕೆ ನಾನು ಟೈಪ್ ಮಾಡ್ತಿದ್ದೆ, ಅಷ್ಟರಲ್ಲಿ ಸಾರ್ ಅವ್ರ ಫೋನಿಂದ ಉತ್ತರ ಕೊಟ್ಟೇಬಿಟ್ರು, "ಗೊತ್ತಾಯ್ತು, ಅದನ್ನ ಹೋದ್ಸಲದ ಥರಾನೇ ಮಾಡ್ಸೋಣ". ಅವ್ರು 👍 ಹಾಕಿದ್ರು. ಏನು ಸಾರ್ ಅದು ಅಂತ ಕೇಳಿದೆ. "ನಂಗೇನ್ ಗೊತ್ತಮ್ಮಾ, ಅವ್ರು ಬೇಜಾರಾಗ್ಬಾರ್ದು ಅಂತ ಹಾಕ್ದೆ, ನೀನೊಂದ್ಸಲ ಹೋಗಿ ನೋಡ್ಕೊಂಡ್ ಬಾ."